ದಿಂಡಿಯ ನಡಿಗೆಗೆ ನೀರಿನ ಲೆಕ್ಕ

ಪ್ರಶ್ನೆ: ಪ್ರತಿ ಆಷಾಢದಾಗ ಅಥಣಿ ಕಡೆಯಿಂದ ಪಂಢರಪುರಕ್ಕ ದಿಂಡಿ ಜೋಡಿ ನಡಕೋತ ಹೋಗ್ತೀನಿ. ದಿನಕ್ಕ ಸುಮಾರು 25 ಕಿ.ಮೀ. ನನಗ 48 ವರ್ಷ, ತೂಕ 68 ಕಿಲೋ. ಹ್ವಾದ ವರ್ಷ ಧಗಿ ಭಾಳ ಇತ್ತು ಅಂತ ಅರ್ಧ ತಾಸಿಗೊಮ್ಮೆ ಅರ್ಧ ಲೀಟರ್ ನೀರು ಕುಡಕೋತ ಹೋದೆ. ಆದ್ರೂ ಮೂರನೇ ದಿನ ತಲಿ ಸಿಡಿದು ವಾಂತಿ ಆತು, ಕೈಬೆರಳು ಬಾತು ಉಂಗುರ ತಗೀಲಿಕ್ಕೆ ಬರಲಿಲ್ಲ. ನಡಿಯೂಕಿಂತ ಮೊದಲ, ನಡಿಯೂವಾಗ, ಆಮ್ಯಾಲ ಎಷ್ಟೆಷ್ಟು ಕುಡೀಬೇಕು? ಈ ಸಲ ನಮ್ಮ ಅವ್ವನೂ ಬರ್ತಾಳ. ಆಕಿಗೆ 66, ಬಿಪಿ ಗುಳಿಗಿ ತಗೋತಾಳ.

ಉತ್ತರ: ನಿಮ್ಮ ವಿವರ ಓದಿದರೆ ಆ ದಿನ ನಿಮಗೆ ನೀರು ಕಡಿಮೆ ಬಿದ್ದಿರಲಿಲ್ಲ, ಹೆಚ್ಚಾಗಿತ್ತು ಎಂದೇ ತೋರುತ್ತದೆ. ಅರ್ಧ ತಾಸಿಗೆ ಅರ್ಧ ಲೀಟರ್ ಎಂದರೆ ತಾಸಿಗೆ ಒಂದು ಲೀಟರ್ ಆಯಿತು. ನಿಮ್ಮ ತೂಕದವರು ದಿಂಡಿಯ ವೇಗದಲ್ಲಿ ನಡೆದರೆ, ಧಗೆಯ ದಿನದಲ್ಲೂ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್‌ನಷ್ಟು ಬೆವರುವುದು ಸಾಮಾನ್ಯ. ಉಳಿದದ್ದು ಮೂತ್ರವಾಗಿ ಹೋಗಬೇಕು. ಸುಮ್ಮನೆ ಕಟ್ಟೆಯ ಮೇಲೆ ಕುಳಿತವರ ಮೂತ್ರಪಿಂಡ ತಾಸಿಗೆ ಮುಕ್ಕಾಲು ಲೀಟರ್, ಹೆಚ್ಚೆಂದರೆ ಒಂದು ಲೀಟರ್ ನೀರನ್ನು ಹೊರಗೆ ಹಾಕಬಲ್ಲದು. ತಾಸುಗಟ್ಟಲೆ ನಡೆಯುತ್ತಿರುವವರಲ್ಲಿ ಹಾಗಾಗುವುದಿಲ್ಲ. ದಣಿವು, ಕಾಲುನೋವು, ಸೆಕೆ, ವಾಕರಿಕೆ ಇವೆಲ್ಲ ಸೇರಿದಾಗ ಮಿದುಳು ವ್ಯಾಸೋಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರ ಕೆಲಸವೇ ನೀರನ್ನು ಮೈಯಲ್ಲಿ ಹಿಡಿದಿಡುವುದು. ಹಾಗಾಗಿ ಕುಡಿದ ಹೆಚ್ಚುವರಿ ನೀರು ಹೊರಗೆ ಹೋಗದೆ ಒಳಗೇ ಉಳಿಯುತ್ತದೆ, ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ.

ಹಾಗೆ ತೆಳುವಾದ ರಕ್ತದಿಂದ ನೀರು ಜೀವಕೋಶಗಳ ಒಳಗೆ ಇಳಿಯುತ್ತದೆ. ಕೈಬೆರಳು ಬಾತರೆ ಉಂಗುರ ಬಿಗಿಯಾಗುತ್ತದೆ, ಅಷ್ಟೇ. ಮಿದುಳಿಗೆ ಮಾತ್ರ ಗಟ್ಟಿ ಬುರುಡೆಯೊಳಗೆ ಹಿಗ್ಗಲು ಜಾಗವಿಲ್ಲ. ಅದಕ್ಕೇ ತಲೆ ಸಿಡಿಯುವುದು, ವಾಂತಿ. ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಬಂದರೆ ಅದಕ್ಕೆ ಹೈಪೊನೆಟ್ರೀಮಿಯಾ ಎನ್ನುತ್ತಾರೆ. ಅಂದು ರಕ್ತ ಪರೀಕ್ಷೆ ಆಗಿಲ್ಲವಾದ್ದರಿಂದ ಇದೇ ಎಂದು ಖಡಾಖಂಡಿತವಾಗಿ ಹೇಳಲಾಗದು. ಸೆಕೆಯಲ್ಲಿ ಕೈ ಜೋಲು ಬಿಟ್ಟುಕೊಂಡು ನಡೆದವರ ಬೆರಳು ಹೇಗಿದ್ದರೂ ಸ್ವಲ್ಪ ಬಾಯುತ್ತವೆ. ಆದರೆ ಅಷ್ಟು ನೀರು ಕುಡಿದ ಮೇಲೆ ಬಾವು, ತಲೆನೋವು, ವಾಂತಿ ಮೂರೂ ಒಟ್ಟಿಗೆ ಬಂದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ನೀರು ಕಡಿಮೆಯಾದವನ ಉಂಗುರ ಸಡಿಲಾಗುತ್ತದೆ, ಬಿಗಿಯಾಗುವುದಿಲ್ಲ.

ನಿಮ್ಮ ತೂಕಕ್ಕೆ ಅಂದಾಜು ಲೆಕ್ಕ ಇಷ್ಟು. ಹೊರಡುವ ಮೊದಲು ಎರಡು ಲೋಟ, ಅಂದರೆ 400 ಮಿ.ಲೀ. ನಡೆಯುವಾಗ ಬೆಳಗಿನ ತಂಪಿನಲ್ಲಿ ತಾಸಿಗೆ 300, ಬಿಸಿಲೇರಿದ ಮೇಲೆ ತಾಸಿಗೆ 500 ಮಿ.ಲೀ. ನಡೆದಾದ ಮೇಲೆ, ತೂಕದಲ್ಲಿ ಇಳಿದ ಪ್ರತಿ ಕಿಲೋಗೆ ಒಂದೂವರೆ ಲೀಟರ್, ಅದೂ ಊಟದ ಜೊತೆ, ನಿಧಾನಕ್ಕೆ. ಇದು ಅಂದಾಜು ಎಂಬುದನ್ನು ಮರೆಯಬೇಡಿ. ಒಂದೇ ದಿಂಡಿಯಲ್ಲಿ ಅಕ್ಕಪಕ್ಕ ನಡೆಯುವ ಇಬ್ಬರ ಬೆವರಿನಲ್ಲಿ ದುಪ್ಪಟ್ಟು ವ್ಯತ್ಯಾಸ ಇರಬಹುದು. ನಿಮ್ಮ ಸ್ವಂತ ಅಂಕಿಯನ್ನು ನೀವೇ ಕಂಡುಕೊಳ್ಳಬಹುದು, ಅದಕ್ಕೆ ಒಂದು ಕಾಟಾ ಸಾಕು. ಅದಕ್ಕೂ ಮೊದಲು ಧಗೆಯ ದಿನ ಬೇರೆ ಯಾಕೆ ಎನ್ನುವುದನ್ನು ನೋಡೋಣ.

ಮನೆಯಲ್ಲಿ ತತ್ರಾಣಿ ಇದ್ದರೆ ಅದರಲ್ಲೇ ಉತ್ತರ ಇದೆ. ಏಪ್ರಿಲ್‌ನ ಒಣ ಬಿಸಿಲಲ್ಲಿ ತತ್ರಾಣಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಮಣ್ಣಿನ ಮೈಯಿಂದ ಜಿನುಗಿದ ನೀರು ಒಣ ಗಾಳಿಗೆ ಆವಿಯಾಗಿ, ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಅದೇ ತತ್ರಾಣಿಯನ್ನು ಮಿರಗದ ಮಳೆ ಸುರಿದು ಗಾಳಿ ನಿಂತ ದಿನ ಮುಟ್ಟಿ ನೋಡಿ. ಹೊರಗೆ ತೊಪ್ಪೆಯಾಗಿರುತ್ತದೆ, ಒಳಗಿನ ನೀರು ಮಾತ್ರ ಉಗುರುಬೆಚ್ಚಗೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರಿಂದ ಜಿನುಗಿದ್ದು ಆವಿಯಾಗದೆ ಹಾಗೇ ಇಳಿದು ಹೋಗುತ್ತದೆ.

ನಿಮ್ಮ ಮೈಯೂ ಒಂದು ತತ್ರಾಣಿಯೇ. ತಾಸಿಗೆ ನಾಲ್ಕೂವರೆ ಕಿ.ಮೀ. ವೇಗದಲ್ಲಿ ನಡೆಯುವ 68 ಕಿಲೋದ ಮನುಷ್ಯನ ಮೈ ತಾಸಿಗೆ ಸುಮಾರು 250 ಕಿಲೋಕ್ಯಾಲರಿ ಶಕ್ತಿ ಸುಡುತ್ತದೆ, ಅದರ ಬಹುಪಾಲು ಬಿಸಿಯೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಅಂದರೆ ಒಣ ಗಾಳಿ ಇದ್ದು ನೆರಳಿದ್ದರೆ ತಾಸಿಗೆ ಅರ್ಧ ಲೀಟರ್ ಬೆವರು ಕೂಡ ಬೇಕಾಗದು. ಧಗೆಯ ದಿನ ಬೆವರಿನ ಒಂದು ಪಾಲು ಆವಿಯಾಗದೆ ಹುಬ್ಬಿನಿಂದ, ಮೊಣಕೈಯಿಂದ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ನೀರನ್ನೂ ಉಪ್ಪನ್ನೂ ಕಳೆಯುತ್ತದೆ, ಬಿಸಿಯನ್ನು ಕಳೆಯುವುದಿಲ್ಲ. ತಂಪು ಸಾಲದೆಂದು ಮೈ ಇನ್ನಷ್ಟು ಬೆವರುತ್ತದೆ.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಮೈ ಕುದಿಯುತ್ತಿದೆ, ಆದ್ದರಿಂದ ಇನ್ನೊಂದು ಬಾಟಲಿ ಎನ್ನುತ್ತಾರೆ. ಕುಡಿದ ನೀರು ಕಳೆದ ಬೆವರನ್ನು ತುಂಬುತ್ತದೆ, ಆದರೆ ಗಾಳಿಯ ತೇವವನ್ನು ಕಡಿಮೆ ಮಾಡಲಾರದು. ಅಂಥ ಹೊತ್ತಿನಲ್ಲಿ ಮೈ ಬಿಸಿಯನ್ನು ಇಳಿಸುವುದು ವೇಗ ಕಡಿಮೆ ಮಾಡುವುದರಿಂದ, ಗಾಳಿ ಬೀಸುವ ಕಡೆ ನಿಲ್ಲುವುದರಿಂದ, ತಲೆ ಮತ್ತು ಕತ್ತಿನ ಮೇಲೆ ನೀರು ಸುರಿದುಕೊಂಡು ಬೀಸಿಕೊಳ್ಳುವುದರಿಂದ. ಇನ್ನೊಂದು, ಮಳೆ ಬಂದಾಗ ಹೊದ್ದ ಪ್ಲಾಸ್ಟಿಕ್ ಹಾಳೆಯನ್ನು ಮಳೆ ನಿಂತ ಮೇಲೂ ಹಾಗೇ ಹೊದ್ದು ನಡೆಯುವವರು ಬಹಳ. ಹಾಳೆಯ ಒಳಗಿನ ಗಾಳಿ ಐದೇ ನಿಮಿಷದಲ್ಲಿ ತೇವದಿಂದ ತುಂಬುತ್ತದೆ. ಮೇಲೆ ಮಳೆಯಿಂದ ಒದ್ದೆಯಾಗದಿದ್ದರೂ ಒಳಗೆ ಬೆವರಿನಿಂದ ಒದ್ದೆ. ಮಳೆ ನಿಂತ ಕೂಡಲೇ ಅದನ್ನು ಮಡಚಿ ಚೀಲಕ್ಕೆ ಹಾಕಿ.

ಈಗ ಕಾಟಾದ ಮಾತು. ಹೊರಡುವ ಹತ್ತು ಹದಿನೈದು ದಿನ ಮೊದಲು, ಧಗೆ ಇರುವ ಒಂದು ದಿನ, ದಿಂಡಿಯಲ್ಲಿ ಹಾಕುವ ಬಟ್ಟೆಯನ್ನೇ ಹಾಕಿಕೊಂಡು, ಅದೇ ವೇಗದಲ್ಲಿ ಎರಡು ತಾಸು ನಡೆಯಿರಿ. ಹೊರಡುವ ಮೊದಲು ಮೂತ್ರ ಹೋಗಿ ಬಂದು, ಒಳಚಡ್ಡಿಯಲ್ಲಿ ಮಾತ್ರ ನಿಂತು ತೂಕ ನೋಡಿ ಬರೆದುಕೊಳ್ಳಿ. ಮನೆಯಲ್ಲಿ ಎಲೆಕ್ಟ್ರಾನಿಕ್ ಕಾಟಾ ಇದ್ದರೆ ಒಳ್ಳೆಯದು, 100 ಗ್ರಾಂ ತನಕ ತೋರಿಸಿದರೆ ಸಾಕು. ಮುಳ್ಳು ಓಡಾಡುವ ಹಳೆಯ ಕಾಟಾ ಈ ಕೆಲಸಕ್ಕೆ ಬರದು, ಅದರಲ್ಲಿ ಅರ್ಧ ಕಿಲೋ ಆಚೀಚೆ ಆಗುತ್ತದೆ, ನಾವು ಹುಡುಕುತ್ತಿರುವುದೇ ಅರ್ಧ ಕಿಲೋದ ಸಂಗತಿ. ನಡೆಯುವಾಗ ಅಳತೆಯ ಬಾಟಲಿಯಿಂದ ಮಾತ್ರ ಕುಡಿಯಿರಿ, ಎಷ್ಟು ಕುಡಿದಿರಿ ಎಂದು ತಿಳಿದಿರಲಿ. ಬಂದ ಮೇಲೆ ಮೈ ಚೆನ್ನಾಗಿ ಒರೆಸಿಕೊಂಡು, ಬೆವರಿನ ಬಟ್ಟೆ ಬಿಚ್ಚಿ, ಮತ್ತೆ ಅದೇ ಕಾಟಾದ ಮೇಲೆ ನಿಲ್ಲಿ. ಒದ್ದೆ ಧೋತರ, ಬನಿಯನ್ ಹಾಕಿಕೊಂಡೇ ನಿಂತರೆ ಬಟ್ಟೆಯಲ್ಲಿ ಕುಳಿತ ಬೆವರು ತೂಕಕ್ಕೆ ಸೇರಿ ಲೆಕ್ಕ ಕೆಡುತ್ತದೆ.

ಉದಾಹರಣೆಗೆ, ಹೋಗುವಾಗ 68.4 ಕಿಲೋ, ಬಂದಾಗ 67.6 ಕಿಲೋ, ದಾರಿಯಲ್ಲಿ ಕುಡಿದದ್ದು 600 ಮಿ.ಲೀ., ನಡುವೆ ಮೂತ್ರ ಹೋಗಿಲ್ಲ ಎಂದಿಟ್ಟುಕೊಳ್ಳಿ. ಇಳಿದದ್ದು 800 ಗ್ರಾಂ. ಕುಡಿದ 600 ಕೂಡ ಬೆವರಾಗಿ ಹೋಗಿದೆ ಎಂದೇ ಅರ್ಥ. ಒಟ್ಟು 1,400 ಮಿ.ಲೀ. ಎರಡು ತಾಸಿಗೆ, ಅಂದರೆ ತಾಸಿಗೆ 700. ಉಸಿರಿನಲ್ಲಿ ಹೋದ ತೇವವೂ ಸುಟ್ಟ ಕೊಬ್ಬು ಸಕ್ಕರೆಯ ತೂಕವೂ ಇದರಲ್ಲಿ ಸ್ವಲ್ಪ ಸೇರಿರುತ್ತವೆ, ನಮ್ಮ ಕೆಲಸಕ್ಕೆ ಅದನ್ನು ಬಿಟ್ಟುಬಿಡಬಹುದು. ಬೆಳಗಿನ ಐದಕ್ಕೆ ಒಂದು ಸಲ, ಬಿಸಿಲೇರಿದ ಮೇಲೆ ಒಂದು ಸಲ, ಹೀಗೆ ಎರಡು ಸಲ ಮಾಡಿದರೆ ಎರಡು ಅಂಕಿ ಸಿಗುತ್ತವೆ. ಬೆಳಗ್ಗೆ 500, ಬಿಸಿಲಲ್ಲಿ 700 ಎಂದು ಬಂದಿದೆ ಎನ್ನೋಣ. ಮೈ ಬಿಸಿಗೆ ಒಗ್ಗಲು ಒಂದೆರಡು ವಾರ ಬೇಕು, ಒಗ್ಗಿದ ಮೈ ಬೇಗ ಬೆವರುತ್ತದೆ, ಹೆಚ್ಚೂ ಬೆವರುತ್ತದೆ. ಹಾಗಾಗಿ ಮನೆ ನೆರಳಲ್ಲಿ ಕೂತಿದ್ದು ಮಾಡಿದ ಒಂದೇ ಪರೀಕ್ಷೆಗಿಂತ, ನಾಲ್ಕಾರು ದಿನ ನಡೆದು ರೂಢಿಯಾದ ಮೇಲೆ ಮಾಡಿದ್ದು ಹೆಚ್ಚು ನಂಬಿಕೆಗೆ ಅರ್ಹ.

ಬೆವರಿದಷ್ಟನ್ನೂ ನಡೆಯುವಾಗಲೇ ತುಂಬಬೇಕೆಂದಿಲ್ಲ, ತುಂಬಲೂಬಾರದು. ತೂಕದ ಶೇ. 2ರಷ್ಟು ಇಳಿಕೆಯ ಒಳಗೆ ಇರಬೇಕು, ನಿಮಗೆ ಅದು ಸುಮಾರು 1.3 ಕಿಲೋ. ಇದು ಒಂದು ಗೆರೆ. ಇನ್ನೊಂದು ಗೆರೆ ಇದಕ್ಕಿಂತ ಕಟ್ಟುನಿಟ್ಟು. ನಡೆದು ಬಂದಾಗ ತೂಕ ಹೋಗುವಾಗಿನದಕ್ಕಿಂತ ಹೆಚ್ಚಾಗಿರಬಾರದು, ನೂರು ಗ್ರಾಂ ಕೂಡ. ನಡೆದು ಬಂದವನ ತೂಕ ಏರಿದ್ದರೆ ಅವನು ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ದಾನೆ, ಅದಕ್ಕೆ ಬೇರೆ ಕಾರಣವಿಲ್ಲ.

ಇನ್ನು ಒಂದು ದಿನದ ಲೆಕ್ಕ ಹಾಕೋಣ. ಬೆಳಗ್ಗೆ 5ಕ್ಕೆ ಹೊರಟು, ನಡುವೆ ಅರ್ಧ ತಾಸು ನಿಂತು, 9.30ಕ್ಕೆ ತಂಗುತ್ತೀರಿ, ನಡೆದದ್ದು ನಾಲ್ಕು ತಾಸು. ಸಂಜೆ 4.30ರಿಂದ ಮತ್ತೆ ಒಂದೂವರೆ ತಾಸು. ಎರಡೂ ಸೇರಿ 25 ಕಿ.ಮೀ. ಆಗುತ್ತದೆ.

ನಾಲ್ಕೂಕಾಲಿಗೆ ಎದ್ದ ಕೂಡಲೇ ಎರಡು ಲೋಟ ನೀರು. ತೂಕದ ಪ್ರತಿ ಕಿಲೋಗೆ 5ರಿಂದ 7 ಮಿ.ಲೀ. ಎಂಬುದು ಇದರ ಹಿಂದಿನ ಲೆಕ್ಕ, ನಿಮಗೆ 340ರಿಂದ 480. ಶಾಸ್ತ್ರೋಕ್ತವಾಗಿ ಇದನ್ನು ನಾಲ್ಕು ತಾಸು ಮೊದಲು ಕುಡಿಯಬೇಕು. ರಾತ್ರಿ ಒಂದಕ್ಕೆ ಎದ್ದು ನೀರು ಕುಡಿಯುವವರಾರು? ಆ ಕೆಲಸವನ್ನು ರಾತ್ರಿ ಊಟದ ಜೊತೆಗಿನ ನೀರು ಮಾಡುತ್ತದೆ. ಹೊರಡುವ ಮೊದಲು ಮೂತ್ರದ ಬಣ್ಣ ನೋಡಿ. ಒಣ ಕಣಿಕೆಯ ಬಣ್ಣವಿದ್ದರೆ ಸರಿ. ಬೆಲ್ಲದ ನೀರಿನಂತೆ ಕಂದಾಗಿದ್ದರೆ ಇನ್ನೊಂದು ಲೋಟ ಕುಡಿಯಿರಿ. ಪೂರ್ತಿ ನೀರಿನಂತೆ ಬಿಳಿಯಾಗಿದ್ದರೆ ಮೊದಲ ಅರ್ಧ ತಾಸು ಬಾಟಲಿ ಮುಟ್ಟುವ ಅಗತ್ಯವೇ ಇಲ್ಲ. ಬಿ-ಕಾಂಪ್ಲೆಕ್ಸ್ ಗುಳಿಗೆ ತೆಗೆದುಕೊಳ್ಳುವವರಿಗೆ ಈ ಬಣ್ಣದ ಪರೀಕ್ಷೆ ನಡೆಯದು, ಅದು ಏನಿದ್ದರೂ ಗಾಢ ಹಳದಿ ಮಾಡುತ್ತದೆ. ಮುಂದೆ ನೀರು ಸಿಗುತ್ತದೋ ಇಲ್ಲವೋ ಎಂದು ಒಂದೇ ಸಲಕ್ಕೆ ಲೀಟರುಗಟ್ಟಲೆ ಕುಡಿದು ಹೊರಟರೆ ಏನೂ ಉಳಿಯದು, ಮೊದಲ ಮೂರು ಕಿಲೋಮೀಟರಿನಲ್ಲೇ ಹೊಲದ ಬದುವಿಗೆ ಎರಡು ಸಲ ಹೋಗಿ ಬರಬೇಕಾಗುತ್ತದೆ, ಅಷ್ಟೇ.

ಮೊದಲ ಎರಡು ತಾಸು ತಾಸಿಗೆ 300, ನಂತರದ ಎರಡು ತಾಸು ತಾಸಿಗೆ 500, ಒಟ್ಟು 1.6 ಲೀಟರ್. ಬೆವರಿದ್ದು ಎರಡು ತಾಸು 500ರಂತೆ, ಎರಡು ತಾಸು 700ರಂತೆ, 2.4 ಲೀಟರ್. ಕೊರತೆ 0.8 ಲೀಟರ್, ತೂಕದ ಶೇ. 1.2. ಇದು ಮೈಗೆ ಗೊತ್ತೂ ಆಗದ ಕೊರತೆ. ಹೋದ ವರ್ಷದ ನಿಮ್ಮ ಲೆಕ್ಕದಲ್ಲಿ ಇದೇ ನಾಲ್ಕು ತಾಸಿಗೆ 4 ಲೀಟರ್ ಒಳಗೆ ಹೋಗಿತ್ತು, ಅಂದರೆ ಮೂತ್ರ ಹೋದದ್ದನ್ನು ಬಿಟ್ಟು 1.6 ಲೀಟರ್ ಹೆಚ್ಚು. ಪ್ರತಿ ದಿನ ಹೀಗೆಯೇ ನಡೆದಿದ್ದರೆ ಮೂರನೇ ದಿನ ಮೈ ಮುನಿದದ್ದರಲ್ಲಿ ಆಶ್ಚರ್ಯವಿಲ್ಲ.

ಕುಡಿಯುವ ಬಗೆಯೂ ಮುಖ್ಯ. ಒಂದು ಗುಟುಕು ಸುಮಾರು 25ರಿಂದ 30 ಮಿ.ಲೀ. ಬಿಸಿಲಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಐದಾರು ಗುಟುಕು ಕುಡಿದರೆ ತಾಸಿಗೆ 500ರ ಆಸುಪಾಸು ಆಗುತ್ತದೆ. ಒಂದು ಲೀಟರಿನ ಬಾಟಲಿಯ ನಡುವಿಗೆ ಒಂದು ದಾರ ಕಟ್ಟಿಕೊಳ್ಳಿ. ತಂಪು ಹೊತ್ತಿನಲ್ಲಿ ಒಂದೂವರೆ ತಾಸಿಗೂ, ಬಿಸಿಲಲ್ಲಿ ಒಂದು ತಾಸಿಗೂ ನೀರು ದಾರಕ್ಕೆ ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ನಿಮ್ಮ ವಯಸ್ಸಿನ ಆರೋಗ್ಯವಂತರಿಗೆ ಬಾಯಾರಿಕೆಯೇ ಒಳ್ಳೆಯ ಯಜಮಾನ. ಬಾಯಾರಿಕೆ ಇಲ್ಲದಿದ್ದರೂ ಗಡಿಯಾರ ನೋಡಿ ಒತ್ತಾಯದಿಂದ ಕುಡಿಯುವುದು ಬೇಡ. ಈ ಅಂಕಿಗಳು ಮೇಲಿನ ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ. ಹೊಟ್ಟೆಯಲ್ಲಿ ನೀರು ಕುಲುಕಾಡುವ ಸದ್ದು ಕೇಳಿಸಿದರೆ ಒಳಗೆ ಹೋದದ್ದು ಇನ್ನೂ ಇಳಿದಿಲ್ಲ ಎಂದರ್ಥ, ಅದು ನಿಲ್ಲುವ ತನಕ ಬಾಟಲಿ ಮುಚ್ಚಿಡಿ. ದಾರಿಯುದ್ದಕ್ಕೂ ಭಕ್ತರು ಕೊಡುವ ಚಹಾ, ಪಾನಕ, ಮಜ್ಜಿಗೆ ಎಲ್ಲವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಚಹಾ ಕುಡಿದರೆ ನೀರು ಕಳೆಯುತ್ತದೆ ಎಂಬ ಮಾತಿದೆ, ಎರಡು ಮೂರು ಕಪ್ಪಿಗೆ ಅದು ನಿಜವಲ್ಲ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಹೆಚ್ಚು, ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತದೆ. ಅದನ್ನು ತಂಗಿದ ಮೇಲೆ ಕುಡಿಯಿರಿ, ನಡೆಯುವಾಗ ಅಲ್ಲ.

9.30ಕ್ಕೆ ತಂಗಿದಾಗ ಕೊರತೆ 0.8 ಲೀಟರ್. ಅದರ ಒಂದೂವರೆ ಪಟ್ಟು, 1.2 ಲೀಟರ್, ಸಂಜೆ ಹೊರಡುವುದರೊಳಗೆ ಕುಡಿಯಬೇಕು. ಒಂದೂವರೆ ಪಟ್ಟು ಏಕೆಂದರೆ ಕುಡಿದದ್ದರ ಒಂದು ಪಾಲು ಮೂತ್ರವಾಗಿ ಹೋಗಿಬಿಡುತ್ತದೆ. ಬಂದ ಕೂಡಲೇ ಒಂದು ತಂಬಿಗೆಯನ್ನು ಗಟಗಟ ಎತ್ತುವುದು ಬೇಡ. ಮೊದಲು ಒಂದು ಲೋಟ, ಅರ್ಧ ತಾಸಿಗೆ ಇನ್ನೊಂದು, ಮಿಕ್ಕದ್ದು ಊಟದ ಜೊತೆ ಮತ್ತು ನಂತರ. ಸಂಜೆಯ ಒಂದೂವರೆ ತಾಸಿಗೆ ಬೆವರು ಒಂದು ಲೀಟರಿನಷ್ಟು, ಕುಡಿಯುವುದು 600 ಮಿ.ಲೀ., ರಾತ್ರಿ ಮಲಗುವುದರೊಳಗೆ ಇನ್ನು 600ರಷ್ಟು. ಎಲ್ಲ ಕೂಡಿಸಿದರೆ ದಿನಕ್ಕೆ ನಾಲ್ಕೂವರೆ ಲೀಟರ್ ಆಸುಪಾಸು. ಇದಕ್ಕೆ ಅನ್ನ, ಸಾರು, ಹಣ್ಣಿನಲ್ಲಿರುವ ನೀರು ಬೇರೆ.

ಆ ಊಟದ ಪಾತ್ರ ಏನೆಂದರೆ, ಉಪ್ಪು ಬರುವುದು ಅಲ್ಲಿಂದಲೇ. ಒಂದು ಲೀಟರ್ ಬೆವರಿನಲ್ಲಿ ಅಂದಾಜು ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಅದು ಸುಮಾರು ಎರಡೂವರೆ ಗ್ರಾಂ ಅಡುಗೆ ಉಪ್ಪಿಗೆ ಸಮ. ಕೆಲವರಿಗೆ ಇದರ ಅರ್ಧ, ಕೆಲವರಿಗೆ ಇದರ ದುಪ್ಪಟ್ಟು. ಒಣಗಿದ ಮೇಲೆ ಬನಿಯನ್ ಮೇಲೆ ಬಿಳಿ ಗೆರೆಗಳು ದಪ್ಪಗೆ ಮೂಡುತ್ತಿದ್ದರೆ ನೀವು ಹೆಚ್ಚು ಉಪ್ಪು ಕಳೆಯುವ ಜಾತಿ. ಉಪ್ಪು ಸೇರದ ಬರೀ ನೀರು ಬೇಗ ಮೂತ್ರವಾಗಿ ಹೋಗುತ್ತದೆ, ಉಪ್ಪು ಸೇರಿದ್ದು ಮೈಯಲ್ಲಿ ನಿಲ್ಲುತ್ತದೆ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಇರುವುದಿಲ್ಲ. ಆದರೆ ಝುಣಕ, ಶೇಂಗಾ ಚಟ್ನಿ, ಉಪ್ಪಿನಕಾಯಿ, ಪಲ್ಯ ಇವು ಜೊತೆಗಿದ್ದರೆ ಎರಡು ಹೊತ್ತಿನ ಊಟ ಈ ಲೆಕ್ಕದ ಬಹುಪಾಲನ್ನು ತುಂಬಿಬಿಡುತ್ತದೆ. ಮೇಲೆ ದಿನಕ್ಕೆ ಎರಡು ಮೂರು ಲೋಟ ಮಜ್ಜಿಗೆ, ಲೋಟಕ್ಕೆ ಎರಡು ಬೆರಳಲ್ಲಿ ಹಿಡಿದಷ್ಟು ಉಪ್ಪು ಹಾಕಿ ಕುಡಿಯಿರಿ. ಉಪ್ಪು, ಸಕ್ಕರೆ ಹಾಕಿದ ಲಿಂಬೆ ಶರಬತ್ತೂ ಆಗುತ್ತದೆ. ಉಪ್ಪಿನ ಗುಳಿಗೆ ನುಂಗುವುದು, ಉಪ್ಪನ್ನು ಹಾಗೇ ಬಾಯಿಗೆ ಹಾಕಿಕೊಳ್ಳುವುದು ಬೇಡ, ವಾಂತಿಯಾದೀತು.

ಏಕಾದಶಿಯ ದಿನ ಮಾತ್ರ ಈ ಲೆಕ್ಕ ತಪ್ಪುತ್ತದೆ. ಉಪವಾಸವೆಂದು ಊಟ ಬಿಟ್ಟು, ಬರೀ ನೀರು ಕುಡಿಯುತ್ತ ನಡೆದರೆ ಬೆವರಿನಲ್ಲಿ ಉಪ್ಪು ಹೋಗುತ್ತಲೇ ಇರುತ್ತದೆ, ಬರುವುದು ಏನೂ ಇಲ್ಲ. ನೀರು ಹೆಚ್ಚಾಗುವ ತೊಂದರೆ ಸುಲಭವಾಗಿ ಬರುವುದು ಅಂಥ ದಿನವೇ. ನಿಮ್ಮ ಪದ್ಧತಿಗೆ ಸೈಂಧವ ಉಪ್ಪು ನಡೆಯುವುದಾದರೆ ಅದನ್ನು ಹಾಕಿದ ಮಜ್ಜಿಗೆ, ಸಾಬುದಾಣೆ ಖಿಚಡಿ ತೆಗೆದುಕೊಳ್ಳಿ. ಅದೂ ನಡೆಯದಿದ್ದರೆ ಆ ದಿನ ನಡೆಯುವ ದೂರವನ್ನೇ ಕಡಿಮೆ ಮಾಡಬೇಕು.

ಓಆರ್‌ಎಸ್ ಪುಡಿ ಚೀಲದಲ್ಲಿ ಎರಡು ಮೂರು ಪೊಟ್ಟಣ ಇರಲಿ. ಅದು ಮುಖ್ಯವಾಗಿ ಭೇದಿ, ವಾಂತಿಗೆ. ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು, ಒಂದು ಲೋಟಕ್ಕೆ ಅಲ್ಲ. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಂಗಡಿಯಲ್ಲಿ ಸಿಗುವ ಬಣ್ಣದ ಡಬ್ಬಿಯ ಸಿಹಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ. ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಓಆರ್‌ಎಸ್ ಬೆರೆಸಿದ ನೀರನ್ನು ಎಷ್ಟು ಕುಡಿದರೂ ನಡೆಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅದರಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇದೆ, ರಕ್ತದಲ್ಲಿ 140ರಷ್ಟು. ತನಗಿಂತ ತೆಳುವಾದದ್ದನ್ನು ಅತಿಯಾಗಿ ಸೇರಿಸಿದರೆ ರಕ್ತ ತೆಳುವೇ ಆಗುತ್ತದೆ, ಹೆಸರು ಏನಿದ್ದರೇನು.

ಇನ್ನು ನಿಮ್ಮ ತಾಯಿಯವರು. ಅವರಿಗೆ ನಿಮ್ಮ ಅಂಕಿ ಹೊಂದುವುದಿಲ್ಲ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಹಾಗಾಗಿ ಅವರ ವಿಷಯದಲ್ಲಿ ಬಾಯಾರಿಕೆಯನ್ನು ಮಾತ್ರ ನಂಬಿ ಕೂರುವಂತಿಲ್ಲ. ಇತ್ತ, ಚಿಕ್ಕ ಮೈಯಲ್ಲಿ ಒಟ್ಟು ನೀರೇ ಕಡಿಮೆ, ಅರ್ಧ ಲೀಟರ್ ಹೆಚ್ಚಾದರೂ ನಿಮಗಿಂತ ಬೇಗ ತೊಂದರೆ ಕೊಡುತ್ತದೆ. ಎರಡೂ ಕಡೆ ಜಾಗ ಇಕ್ಕಟ್ಟು. ಅವರದೂ ಕಾಟಾ ಪರೀಕ್ಷೆ ಮಾಡಿ, ಒಂದು ತಾಸಿನದು ಸಾಕು. ತೂಕ 50ರ ಆಸುಪಾಸಿದ್ದರೆ ತಾಸಿಗೆ 200ರಿಂದ 350 ಮಿ.ಲೀ. ಒಳಗೇ ಬರಬಹುದು, ಇಪ್ಪತ್ತು ನಿಮಿಷಕ್ಕೊಮ್ಮೆ ಮೂರು ನಾಲ್ಕು ಗುಟುಕು ನೀವೇ ಕೊಡಿ.

ಅವರ ಗುಳಿಗೆಯ ಚೀಟಿ ನೋಡಿ. ಹೈಡ್ರೋಕ್ಲೋರೋಥಯಝೈಡ್ ಅಥವಾ ಕ್ಲೋರ್‌ಥಾಲಿಡೋನ್ ಎಂದಿದ್ದರೆ ಅವು ಮೂತ್ರ ಹೆಚ್ಚಿಸುವ ಗುಳಿಗೆಗಳು, ನೀರಿನ ಜೊತೆ ಸೋಡಿಯಮ್ಮನ್ನೂ ಹೊರಗೆ ಹಾಕುತ್ತವೆ. ಹಲವು ಬಿಪಿ ಗುಳಿಗೆಗಳಲ್ಲಿ ಇವು ಇನ್ನೊಂದು ಔಷಧದ ಜೊತೆ ಸೇರಿಕೊಂಡೇ ಇರುತ್ತವೆ, ಆದ್ದರಿಂದ ಹೆಸರಿನ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ. ಹೊರಡುವ ವಾರ ಮೊದಲು ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ, ದಿನಕ್ಕೆ ಇಷ್ಟು ಕಿ.ಮೀ. ನಡೆಯುವುದಿದೆ ಎಂದು ಹೇಳಿ, ಗುಳಿಗೆ ಮತ್ತು ಉಪ್ಪು ಎರಡರ ಬಗ್ಗೆಯೂ ಕೇಳಿಕೊಂಡು ಬನ್ನಿ. ತಾವಾಗಿ ಗುಳಿಗೆ ನಿಲ್ಲಿಸುವುದೂ ಬೇಡ, ನಿಮಗೆ ಹೇಳಿದ ಉಪ್ಪಿನ ಮಜ್ಜಿಗೆಯನ್ನು ಅವರಿಗೆ ಕೇಳದೆ ಕೊಡುವುದೂ ಬೇಡ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಇಲ್ಲಿ ಬರೆದ ಯಾವ ಅಂಕಿಯೂ ಅವರಿಗೆ ಅನ್ವಯಿಸುವುದಿಲ್ಲ.

ಕಾಲುನೋವಿಗೆಂದು ದಿಂಡಿಯಲ್ಲಿ ಕೈಯಿಂದ ಕೈಗೆ ಹೋಗುವ ಡೈಕ್ಲೋಫಿನ್ಯಾಕ್, ಐಬುಪ್ರೋಫೆನ್ ಗುಳಿಗೆಗಳನ್ನು ಇಬ್ಬರೂ ದೂರವಿಡಿ. ಬೆವರಿ ಬಸವಳಿದ ಮೈಯಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ನೀರನ್ನು ಮೈಯಲ್ಲಿ ಹಿಡಿದಿಡುವುದಕ್ಕೂ ಕಾರಣವಾಗುತ್ತವೆ. ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್ ಸಾಕು.

ದಾರಿಯಲ್ಲಿ ಯಾರಿಗಾದರೂ ತಲೆ ಸಿಡಿದು ವಾಕರಿಕೆ ಬಂದರೆ, ನೀರು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಬೆಳಗಿನಿಂದ ಎಷ್ಟು ಕುಡಿದಿದ್ದಾರೆ, ಕೊನೆಯ ಸಲ ಮೂತ್ರ ಯಾವಾಗ ಹೋದರು, ಬಣ್ಣ ಹೇಗಿತ್ತು. ಬಾಯಿ ಒಣಗಿದೆ, ಮೂತ್ರ ಕಂದು, ಎದ್ದು ನಿಂತರೆ ಕಣ್ಣು ಕತ್ತಲು ಎಂದರೆ ನೀರು ಕಡಿಮೆ. ನೆರಳಿಗೆ ಕೂರಿಸಿ, ಕಾಲು ಎತ್ತರಿಸಿ, ಉಪ್ಪು ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕೊಡಿ. ಬಾಯಿ ಒಣಗಿಲ್ಲ, ಬಾಟಲಿ ಮೇಲೆ ಬಾಟಲಿ ಹೋಗಿದೆ, ಹೊಟ್ಟೆ ಉಬ್ಬಿದೆ, ಬೆರಳು ಬಾತಿವೆ ಎಂದರೆ ನೀರು ನಿಲ್ಲಿಸಿ. ಕೂತು ಮೂತ್ರ ಹೋಗುವ ತನಕ ಕಾಯಿರಿ, ಉಪ್ಪಿನಕಾಯಿಯೋ ಉಪ್ಪು ಹಾಕಿದ ಶೇಂಗಾವೋ ತಿನ್ನಲಿ. ಮಾತು ತೊದಲುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ಅಪಸ್ಮಾರದಂತೆ ಸೆಳೆತ ಬರುವುದು ಇವು ಕಂಡರೆ ಕಾರಣ ಯಾವುದೇ ಇರಲಿ, 108ಕ್ಕೆ ಕರೆ ಮಾಡಿ. ಮೈ ಕಾದ ಹಂಚಿನಂತಿದ್ದರೆ ಅದು ಉಷ್ಣಾಘಾತ. ಆಂಬುಲೆನ್ಸ್ ಬರುವ ತನಕ ಕೊಡಗಟ್ಟಲೆ ನೀರು ಸುರಿದು ಬೀಸುತ್ತಲೇ ಇರಬೇಕು, ಬೆವರು ಬರುತ್ತಿದೆ ಎಂದು ಮೋಸ ಹೋಗಬೇಡಿ, ನಡೆಯುತ್ತಿದ್ದವರಲ್ಲಿ ಉಷ್ಣಾಘಾತವಾದಾಗಲೂ ಬೆವರು ಇರುತ್ತದೆ. ಎಚ್ಚರವಿಲ್ಲದವರ ಬಾಯಿಗೆ ಹನಿ ನೀರನ್ನೂ ಹಾಕಬಾರದು.

ದವಾಖಾನೆ ಮುಟ್ಟಿದ ಮೇಲೆ "ಸಲೈನ್ ಹಚ್ಚರಿ ಡಾಕ್ಟ್ರ" ಎಂದು ಒತ್ತಾಯ ಮಾಡುವ ಮೊದಲು ಒಂದು ಮಾತು ಹೇಳಿ: ಇವರು ಇಷ್ಟು ತಾಸು ನಡೆದಿದ್ದಾರೆ, ಇಷ್ಟು ಲೀಟರ್ ನೀರು ಕುಡಿದಿದ್ದಾರೆ, ಸೋಡಿಯಂ ನೋಡಿರಿ. ನೀರು ಹೆಚ್ಚಾದವರಿಗೆ ಗ್ಲೂಕೋಸ್ ಬಾಟಲಿ ಏರಿಸಿದರೆ ಸೋಡಿಯಂ ಇನ್ನೂ ಕೆಳಗೆ ಹೋಗುತ್ತದೆ. ಅವರಿಗೆ ಬೇಕಾದದ್ದು ಗಟ್ಟಿ ಉಪ್ಪಿನ, ಶೇ. 3ರ ಸಲೈನ್, ಅದೂ 100 ಮಿ.ಲೀ.ನಂತೆ ಸ್ವಲ್ಪ ಸ್ವಲ್ಪವೇ. ಅದನ್ನು ಕೊಡಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸಲು, ನಿಮ್ಮ ಬಾಯಿಂದ ಬರುವ ಆ ಲೀಟರಿನ ಲೆಕ್ಕ ಬೇಕಾಗುತ್ತದೆ.